ಕಾಸಿದ ಹಲಗಿ: ಕಾಲೇಜು ಉತ್ಸವದ ಉದ್ಘಾಟನೆಗೆ ಮೂರು ನಿಮಿಷದ ಮಾತು ಕಟ್ಟುವುದು ಹೇಗೆ

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಹೇಳುತ್ತೇನೆ. ಸಾಂಸ್ಕೃತಿಕ ಸಮಿತಿಯ ಹೊಣೆಯೂ ನನ್ನದೇ. ಹೀಗಾಗಿ ಪ್ರತಿ ಜನವರಿಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ನಾಲ್ಕು ಹಾಳೆ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಾರೆ. "ಸರ್, ಉದ್ಘಾಟನಾ ಭಾಷಣ ಬರ್ದೀನ್ರಿ, ಒಂದ್ಸಲ ನೋಡ್ರಿ." ಇಂಥ ಹಾಳೆಗಳನ್ನು ತಿದ್ದುತ್ತಾ ನಾನು ಕಲಿತಿದ್ದನ್ನು, ಒಂದೇ ಒಂದು ಭಾಷಣವನ್ನು ಎದುರಿಗಿಟ್ಟುಕೊಂಡು ಹೇಳುತ್ತೇನೆ. ಈ ಸಲ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಬಿಎ ಕೊನೆಯ ವರ್ಷದ ಹುಡುಗಿ, ಶಹಾಪುರದ ಕಡೆಯ ಹಳ್ಳಿಯವಳು. ದೀಪ ಬೆಳಗಿಸುವುದು ಅತಿಥಿಗಳ ಪಾಲಿಗೆ, ತಮಟೆಯಂಥ ಚರ್ಮವಾದ್ಯ ಹಲಗಿಯನ್ನು ಬಾರಿಸಿ ಉತ್ಸವ ಉದ್ಘಾಟಿಸುವುದು ಅವಳ ಪಾಲಿಗೆ ಎಂದು ಸಮಿತಿ ತೀರ್ಮಾನಿಸಿತ್ತು. ಬಾರಿಸಿದ ಮೇಲೆ ನಾಲ್ಕು ಮಾತು ಆಡಬೇಕಿತ್ತು.

ಮೊದಲು ಗಡಿಯಾರ

ಅವಳು ತಂದ ಹಾಳೆಯನ್ನು ನಾನು ಓದಲಿಲ್ಲ. ಅವಳನ್ನೇ ಎದ್ದು ನಿಲ್ಲಿಸಿ, ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ, ವೇದಿಕೆ ಮೇಲೆ ಓದುವ ಹಾಗೆ ಗಟ್ಟಿಯಾಗಿ ಓದಿಸಿದೆ. 9 ನಿಮಿಷ ಹಿಡಿಯಿತು. "ಮನ್ಯಾಗ ಓದಿದಾಗ ನಾಕೇ ನಿಮಿಷ ಆಗಿತ್ರಿ ಸರ್" ಎಂದಳು. ಅದೂ ಖರೆಯೇ. ಮನಸ್ಸಿನಲ್ಲಿ ಓದಿಕೊಂಡರೆ ಅರ್ಧ ಹೊತ್ತು ಸಾಕು, ಮೈಕಿನ ಮುಂದೆ ಇಡೀ ಹೊತ್ತು ಬೇಕು. ಆದ್ದರಿಂದ ಅಳೆಯುವುದಿದ್ದರೆ ನಿಂತುಕೊಂಡು, ದನಿ ಎತ್ತಿ, ಗಡಿಯಾರ ಇಟ್ಟುಕೊಂಡು ಅಳೆಯಿರಿ.

ನಮ್ಮ ಹುಡುಗರು ಮೈದಾನದಲ್ಲಿ ಮೈಕ್ ಹಿಡಿದು ಮಾತಾಡುವಾಗ ನಿಮಿಷಕ್ಕೆ 80ರಿಂದ 100 ಪದ ಆಡುತ್ತಾರೆ ಎಂಬುದು ನಾನು ರೆಕಾರ್ಡಿಂಗ್ ಕೇಳಿ ಎಣಿಸಿದ ಲೆಕ್ಕ. ಕನ್ನಡದ ಪದಗಳು ಉದ್ದ. 'ಬಂದಿರುವವರೆಲ್ಲರಿಗೂ' ಎನ್ನುವುದು ಎಣಿಕೆಗೆ ಒಂದೇ ಪದ, ನಾಲಿಗೆಗೆ ನಾಲ್ಕು. ನಗು, ಚಪ್ಪಾಳೆಗೆ ಸ್ವಲ್ಪ ಹೊತ್ತು ಬಿಟ್ಟರೆ ಮೂರು ನಿಮಿಷಕ್ಕೆ 220ರಿಂದ 250 ಪದ, ಕೈಬರಹದಲ್ಲಿ ಒಂದೂವರೆ ಪುಟ. ಅದಕ್ಕಿಂತ ಹೆಚ್ಚು ಬರೆದರೆ ಜೋರಾಗಿ ಓಡಬೇಕಾಗುತ್ತದೆ.

ಮೂರೇ ನಿಮಿಷ ಏಕೆ? ಆಹ್ವಾನ ಪತ್ರಿಕೆ ತೆಗೆದು ನೋಡಿ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷೀಯ ನುಡಿ, ವಂದನಾರ್ಪಣೆ, ಇವುಗಳ ನಡುವೆ ಶಾಲು ಹಾರ. ನಿಮ್ಮ ಸರದಿ ಬರುವ ಹೊತ್ತಿಗೆ ಜನ ಒಂದು ಗಂಟೆಯಿಂದ ಕೂತಿರುತ್ತಾರೆ, ನಿಮ್ಮ ನಂತರ ಇನ್ನೂ ಮೂವರು ಮಾತಾಡುವವರಿರುತ್ತಾರೆ. ನಾಡಗೀತೆಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಸರ್ಕಾರ 2022ರಲ್ಲಿ ನಿಗದಿ ಮಾಡಿತು. ನಾಡಗೀತೆಗೇ ಅಷ್ಟು ಹೊತ್ತಾದರೆ ನಮಗೆ ಇನ್ನೆಷ್ಟು ಬೇಕು ಎಂದು ನಾನು ಹುಡುಗರನ್ನು ಕೇಳುತ್ತೇನೆ. ನಗುತ್ತಾರೆ, ಆದರೆ ಲೆಕ್ಕ ತಲೆಗೆ ಹೋಗುತ್ತದೆ.

ಊರ ಹೆಮ್ಮೆಯ ಪಟ್ಟಿ

ಆ ಒಂಬತ್ತು ನಿಮಿಷದಲ್ಲಿ ಏನೇನಿತ್ತು? ಮೊದಲ 1 ನಿಮಿಷ 10 ಸೆಕೆಂಡು ವೇದಿಕೆ ಮೇಲಿನವರ ಹೆಸರು ಮತ್ತು ಹುದ್ದೆ. ಆಮೇಲೆ ಯುವಶಕ್ತಿ, ದೇಶದ ಬೆನ್ನೆಲುಬು. ಆಮೇಲೆ ನಮ್ಮ ಭಾಗದ ಪಟ್ಟಿ: ನೃಪತುಂಗನ ನಾಡು, ಶರಣರ ನಾಡು, ಸೂಫಿಗಳ ನಾಡು, ತೊಗರಿಯ ಕಣಜ. ಇದನ್ನು ನಮ್ಮಲ್ಲಿ ಯಾವ ಸಮಾರಂಭಕ್ಕೆ ಹೋದರೂ ಕೇಳುತ್ತೀರಿ, ಬ್ಯಾಂಕಿನ ಶಾಖೆ ತೆರೆಯುವಾಗಲೂ ಕೇಳುತ್ತೀರಿ. ಅದರಲ್ಲಿ ಸುಳ್ಳೇನೂ ಇಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಮಿತಾಕ್ಷರ ಬರೆದ ವಿಜ್ಞಾನೇಶ್ವರನದು ಇಲ್ಲೇ ಹತ್ತಿರದ ಮರತೂರು. ಬಸವಕಲ್ಯಾಣ ಬೀದರ್ ಜಿಲ್ಲೆಯಲ್ಲೇ ಇದೆ. ತೊಡಕು ಏನೆಂದರೆ ಪಟ್ಟಿ ಓದಿದಾಗ ಕೇಳುವವನ ಕಣ್ಣೆದುರು ಏನೂ ಬರುವುದಿಲ್ಲ. ಅದೇ ಪಟ್ಟಿಯನ್ನು ನಿಮಗಿಂತ ಮೊದಲು ಪ್ರಾಸ್ತಾವಿಕ ಮಾತಾಡಿದವರು ಹೇಳಿರುತ್ತಾರೆ, ನಿಮ್ಮ ನಂತರ ಅತಿಥಿಗಳು ಹೇಳಲಿಕ್ಕಿದ್ದಾರೆ.

ಊರಿನದೇ ಏನಾದರೂ ಬೇಕೆಂದರೆ ಒಂದನ್ನು ಹಿಡಿಯಿರಿ, ಅದನ್ನು ಹತ್ತಿರ ಹೋಗಿ ತೋರಿಸಿ. ಬೀದರಿನ ಕಾಲೇಜಾದರೆ 'ಬಿದ್ರಿ ಕಲೆಯ ತವರು' ಎಂದು ಹೇಳಿ ಬಿಡುವ ಬದಲು ಆ ಕೆಲಸವನ್ನೇ ಹೇಳಬಹುದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಗೀರಿ, ಗೀರಿದಲ್ಲಿ ಬೆಳ್ಳಿ ಕೂಡಿಸುತ್ತಾರೆ. ಅಲ್ಲಿಯವರೆಗೆ ಲೋಹವೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣ, ಹೂವು ಬಳ್ಳಿ ಕಣ್ಣಿಗೆ ಬೀಳುವುದೇ ಇಲ್ಲ. ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ, ಆಗ ಚಿತ್ತಾರ ಎದ್ದು ಕಾಣುತ್ತದೆ. ಇದನ್ನು ಕಣ್ಣಾರೆ ಕಂಡ ಬೀದರಿನ ಹುಡುಗ ಹೇಳಿದರೆ ನಾಲ್ಕು ವಾಕ್ಯ ಸಾಕು. ಕಾಣದೆ ಓದಿ ಹೇಳಿದರೆ ಬೇಡ, ಸಭೆಯಲ್ಲಿ ಬಿದ್ರಿ ಕೆಲಸ ಮಾಡುವವರ ಮಗ ಕೂತಿರಬಹುದು.

ಮಾತು ಸಿಗುವ ಜಾಗ

ನಾವಿಬ್ಬರೂ ಕೂತು ಹಾಳೆಯಲ್ಲಿ ಗೆರೆ ಹೊಡೆಯುತ್ತಾ ಹೋದೆವು. ಕೊನೆಗೆ ಉಳಿದದ್ದು ಅವಳ ಮುತ್ಯಾ, ಅಂದರೆ ಅಜ್ಜ, ತತ್ವಪದ ಹಾಡುತ್ತಾರೆ ಎಂಬ ಒಂದು ಸಾಲು. ಅವಳಿಗೆ ಅಳುವೇ ಬಂದಂತಿತ್ತು. "ಎಲ್ಲಾ ತಗದ್ರ ಏನ್ ಮಾತಾಡ್ಲಿ ಸರ್?" ನನಗೂ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ನಾಳೆ ಬಾ ಎಂದು ಕಳಿಸಿದೆ.

ಮಾರನೆಯ ದಿನ ಅರ್ಧ ಗಂಟೆ ತಡವಾಗಿ ಬಂದಳು, ಕೈತುಂಬ ಮಸಿ. ಮೆರವಣಿಗೆಗೆ ಕರೆಸಿದ ಹಲಗಿ ತಂಡದವರು ತಾಲೀಮಿಗೆ ಬಂದಿದ್ದರು. ಅವರಿಗೆ ರದ್ದಿ ಪೇಪರ್ ಬೇಕಾಗಿತ್ತು, ಇವಳು ಲೈಬ್ರರಿಯಿಂದ ಹಳೆಯ ಪತ್ರಿಕೆಗಳ ಕಟ್ಟು ಹೊತ್ತುಕೊಂಡು ಹೋಗಿದ್ದಳು. "ಚರ್ಮ ಥಂಡಿ ಇದ್ರ ದನಿ ಬರಂಗಿಲ್ಲಂತ್ರಿ ಸರ್. ಬೆಂಕಿ ಮುಂದ ಕಾಸಬೇಕಂತ್ರಿ. ನಾನೂ ಮೊದಲ ಬಾರಿಸಿದೆ, ಭದ್ ಅಂತು. ನನಗ ಬರಂಗಿಲ್ಲ ಅಂದ್ಕೊಂಡೆ..." ಅವಳು ಇದನ್ನು ತಡವಾದದ್ದಕ್ಕೆ ಕಾರಣವಾಗಿ ಹೇಳುತ್ತಿದ್ದಳು. ನಾನು ಪೆನ್ನು ಅವಳ ಕೈಗೆ ಕೊಟ್ಟು, ಈಗ ಹೇಳಿದ್ದನ್ನು ಹೇಳಿದ ಹಾಗೇ ಬರಿ ಎಂದೆ.

ಇಲ್ಲಿ ನೀವು ಮಾಡಬೇಕಾದ ಕೆಲಸ ಇಷ್ಟು. ಉತ್ಸವದ ತಯಾರಿ ನಡೆದಿರುವ ಆ ನಾಲ್ಕೈದು ದಿನ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಶಾಮಿಯಾನದವರು, ಅಡುಗೆಯವರು, ರಂಗೋಲಿ ಹಾಕುವವರು, ತಾಲೀಮು ಮಾಡುವವರು, ಇವರ ಹತ್ತಿರ ನೀವು ಕಂಡ ಯಾವುದಾದರೂ ಒಂದು ಕೆಲಸವನ್ನು ಎರಡು ಸಾಲಿನಲ್ಲಿ ಬರೆದುಕೊಳ್ಳಿ. ದಿನಕ್ಕೊಂದು ಸಾಕು. ಭಾಷಣಕ್ಕೆ ಯಾವುದು ಆದೀತು ಎಂದು ಆರಿಸಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಸಭೆಯಲ್ಲಿ ಕೂತವರ ಕಣ್ಣಿಗೋ ಕಿವಿಗೋ ಅದು ಆ ದಿನವೇ ಬೀಳುತ್ತದೆಯೇ? ಅದು ಯಾರೋ ಹೇಳಿದ್ದಲ್ಲದೆ ನಿಮಗೇ ಆದದ್ದೇ? ಹಲಗಿಗೆ ಎರಡಕ್ಕೂ ಹೌದು ಎಂಬ ಉತ್ತರವಿತ್ತು. ದನಿ ಕಿವಿಗೆ ಬಿದ್ದ ಮರುಗಳಿಗೆಯೇ ಅದರ ಹಿಂದಿನ ಬೆಂಕಿಯ ಮಾತು ಬರುತ್ತದೆ.

ಹಲಗಿಯ ಮಾತೆತ್ತಿದಾಗ ಒಂದು ಎಚ್ಚರವನ್ನೂ ಹೇಳಿದೆ. ಹಲಗಿ ಬಾರಿಸುವವರನ್ನು ನಮ್ಮ ಊರುಗಳು ಶತಮಾನಗಳ ಕಾಲ ಹೊರಗೆ ನಿಲ್ಲಿಸಿವೆ. ಮೆರವಣಿಗೆಗೆ ಅವರ ದನಿ ಬೇಕು, ಪಂಕ್ತಿಗೆ ಅವರು ಬೇಡ. ಅವರ ಕಸುಬನ್ನು ನಿನ್ನ ಭಾಷಣಕ್ಕೆ ಒಡವೆ ಮಾಡಿಕೊಂಡು, ಅವರನ್ನು ಮಾತ್ರ ಶಾಮಿಯಾನದ ಹಿಂದೆ ನೆಲದ ಮೇಲೆ ಕೂಡಿಸಿದರೆ ನಿನ್ನ ಮಾತಿಗೆ ಬೆಲೆ ಇರುವುದಿಲ್ಲ ಎಂದೆ. ಅವಳು ಏನೂ ಅನ್ನಲಿಲ್ಲ. ಉತ್ಸವದ ದಿನ ನೋಡಿದರೆ ಮುಂದಿನ ಸಾಲಿನಲ್ಲಿ ನಾಲ್ಕು ಕುರ್ಚಿಗಳ ಬೆನ್ನಿಗೆ 'ಹಲಗಿ ಕಲಾವಿದರು' ಎಂದು ಬರೆದ ಕಾಗದ ಅಂಟಿಸಿತ್ತು.

ಏನು ಕೇಳಬೇಕು ಎಂಬುದು ಕೊನೆಯಿಂದ

ಪ್ರೇರಣೆ ಕೊಡುವ ಭಾಷಣ ಎಂದರೆ 'ಏಳಿ, ಎದ್ದೇಳಿ' ಎನ್ನುವುದು ಎಂದು ಹುಡುಗರು ತಿಳಿದಿರುತ್ತಾರೆ. ಎದ್ದು ಎಲ್ಲಿಗೆ ಹೋಗಬೇಕು ಎಂಬುದು ಭಾಷಣದಲ್ಲಿ ಇರುವುದಿಲ್ಲ. ಆದ್ದರಿಂದ ನಾನು ಬರೆಸುವುದು ಕೊನೆಯಿಂದ: ನಿನ್ನ ಮಾತು ಕೇಳಿದವರು ಊಟಕ್ಕೆ ಹೋಗುವ ಮೊದಲು ಮಾಡಬೇಕಾದ ಒಂದು ಕೆಲಸ ಯಾವುದು? ಜಾಗ ಹೇಳು, ಹೊತ್ತು ಹೇಳು.

ಅವಳಿಗೆ ಇದು ತಟ್ಟನೆ ಹೊಳೆಯಿತು. ಸ್ಪರ್ಧೆಗೆ ಹೆಸರು ಕೊಡುವವರು ಪ್ರತಿ ವರ್ಷ ಅವರವರೇ. ಹಿಂದೆ ನಿಂತು ನೋಡುವವರು ಹಿಂದೆಯೇ ಉಳಿಯುತ್ತಾರೆ. ಅವರಿಗಾಗಿ ಒಂದು ಗಂಟೆ ಓಪನ್ ಸ್ಟೇಜ್ ಇಡೋಣ ಎಂದಳು. ಪ್ರಾಚಾರ್ಯರು ಒಪ್ಪಿದರು. ಲೆಕ್ಕ ಹಾಕಿದೆವು. ಒಬ್ಬರಿಗೆ 2 ನಿಮಿಷ ಎಂದರೆ ಗಂಟೆಗೆ 30 ಜನ ಎನಿಸುತ್ತದೆ, ಆದರೆ ವೇದಿಕೆ ಹತ್ತಿ ಇಳಿಯಲು, ಮೈಕ್ ಸರಿಮಾಡಿಕೊಳ್ಳಲು ತಲಾ ಒಂದು ನಿಮಿಷ ಹೋಗುತ್ತದೆ. ಆದ್ದರಿಂದ 20 ಸಾಲಿನ ಒಂದು ಹಾಳೆ. ಇಂಥ ಏರ್ಪಾಡು ಮೊದಲು ಆಗಿರಬೇಕು, ಭಾಷಣ ಆಮೇಲೆ. ಏರ್ಪಾಡಿಲ್ಲದೆ 'ಎಲ್ಲರೂ ಭಾಗವಹಿಸಿ' ಎಂದರೆ ಯಾರೂ ಕದಲುವುದಿಲ್ಲ.

ಮೂರು ಸಲ ತಿದ್ದಿದ ಮೇಲೆ ಅವಳ ಮಾತು ಹೀಗೆ ನಿಂತಿತು. ಅವಳ ಒಪ್ಪಿಗೆಯಿಂದಲೇ ಇಡೀ ಕೊಡುತ್ತಿದ್ದೇನೆ.

> ವೇದಿಕಿ ಮ್ಯಾಲಿನ ಹಿರಿಯರಿಗೆ, ಮುಂದಿನ ಸಾಲಿನ ಹಲಗಿ ಕಲಾವಿದರಿಗೆ, ನನ್ನ ಗೆಳೆಯ ಗೆಳತಿಯರಿಗೆ ಶರಣು.
>
> ಈಗ ಕೇಳಿದ್ರಲ್ಲ, ಈ ದನಿ ತಾಲೀಮಿನ ದಿನ ಮೊದಲ ಇರ್ಲಿಲ್ಲ.
>
> ಅವತ್ತು ಗ್ರೌಂಡಿನ ಹಿಂದ ಇದೇ ಹಲಗಿ ಮ್ಯಾಲ ಒಂದ್ ಏಟು ಹಾಕ್ದೆ. ಭದ್ ಅಂತು. ರಟ್ಟಿನ ಡಬ್ಬಿ ಬಡದಂಗ. ಇದು ನನ್ನ ಕೈಲೆ ಆಗಂಗಿಲ್ಲ ಅಂತ ಕಡ್ಡಿ ಕೆಳಗಿಟ್ಟೆ. ಹಲಗಿ ಕಾಕಾ ನಕ್ಕರು. "ತಪ್ಪು ನಿಂದಲ್ಲವ್ವಾ, ಚರ್ಮ ಥಂಡಿ ಅದ" ಅಂದ್ರು. ರದ್ದಿ ಪೇಪರ್ ಹಚ್ಚಿ, ಹಲಗಿ ಬೆಂಕಿ ಮುಂದ ಹಿಡದು, ತಿರುವಿ ತಿರುವಿ ಕಾಸಿದ್ರು. ಆಮ್ಯಾಲ ಅದೇ ಕಡ್ಡಿ, ಅದೇ ಕೈ, ಅದೇ ಏಟು. ದನಿ ಹಾಸ್ಟೆಲ್ ತನಕ ಹೋಯ್ತು.
>
> ನಾ ಫಸ್ಟ್ ಇಯರ್ ಇದ್ದಾಗ ಇದೇ ಫೆಸ್ಟ್‌ನ್ಯಾಗ ಆ ಹಿಂದಿನ ಕಂಬದ ಹಂತ್ಯಾಕ ನಿಂತಿದ್ದೆ. ನಮ್ಮ ಮುತ್ಯಾ ತತ್ವಪದ ಹಾಡ್ತಾರ, ನನಗೂ ಎಂಟ್ಹತ್ತು ಬರ್ತಾವ. ಹೆಸರು ಕೊಡ್ಲಿಲ್ಲ. ನಂದು ಹಳ್ಳಿ ಮಾತು, ನಗ್ತಾರ ಅಂತ. ಎರಡು ವರ್ಷ ಕೊಡ್ಲಿಲ್ಲ. ನನ್ನ ದನಿ ಛಲೋ ಇಲ್ಲ ಅಂದ್ಕೊಂಡಿದ್ದೆ. ಥಂಡಿ ಇತ್ತು, ಅಷ್ಟೇ.
>
> ಇವತ್ತೂ ಆ ಕಂಬದ ಹಂತ್ಯಾಕ ಯಾರೋ ನಿಂತೀರಿ. [ನಿಮಗ ಲಂಬಾಣಿ ಹಾಡು ಬರ್ತದ, ಉರ್ದು ಶಾಯರಿ ಬರ್ತದ, ತೆಲುಗು ಪದ ಬರ್ತದ, ನಮ್ಮ ಸರ್ ಪಾಠ ಮಾಡೋ ದನಿ ತಗಿಯೋದೂ ಬರ್ತದ.] ಸ್ಪರ್ಧಾಕ್ಕ ಹೆಸರು ಕೊಟ್ಟಿಲ್ಲ, ಗೊತ್ತದ.
>
> ಒಂದೇ ಮಾತು ಕೇಳ್ತೀನಿ. ಬೇವಿನ ಗಿಡದ ಕೆಳಗ ಮೇಜು ಹಾಕೀವಿ. ಮಧ್ಯಾಹ್ನ ಮೂರಕ್ಕ ಓಪನ್ ಸ್ಟೇಜ್. ಒಬ್ಬರಿಗೆ ಎರಡು ನಿಮಿಷ. ಜಡ್ಜ್ ಇಲ್ಲ, ಪ್ರೈಜ್ ಇಲ್ಲ. ಊಟಕ್ಕ ಹೋಗೋ ಮೊದಲು ಹೆಸರು ಬರಸ್ರಿ. ಮೊದಲನೇ ಹೆಸರು ನಂದೇ ಅದ.
>
> ಉತ್ಸವ ಶುರು ಆಯ್ತು. ಕಾಕಾ, ಬಾರಿಸ್ರಿ!

ಗಡಿಯಾರ ಹಿಡಿದು ಓದಿಸಿದಾಗ 2 ನಿಮಿಷ 20 ಸೆಕೆಂಡು ಆಯಿತು. ನಗು, ಚಪ್ಪಾಳೆ, ನಿಲುಗಡೆ ಸೇರಿದರೆ ಮೂರಕ್ಕೆ ಬರುತ್ತದೆ.

ಇದರಲ್ಲಿ ನಾನು ತಿದ್ದಿದ್ದು ಎರಡೇ ಕಡೆ. 'ಥಂಡಿ ಇತ್ತು, ಅಷ್ಟೇ' ಎಂದ ಮೇಲೆ ಅವಳು 'ಅದೇ ರೀತಿ ನಮ್ಮೆಲ್ಲರ ಪ್ರತಿಭೆಯೂ ಪ್ರೋತ್ಸಾಹವೆಂಬ ಬೆಂಕಿಯಲ್ಲಿ ಕಾಯಬೇಕು' ಎಂದು ಬರೆದಿದ್ದಳು. ತೆಗೆಸಿದೆ. ಹಲಗಿಗೂ ಹುಡುಗಿಗೂ ಏನು ಸಂಬಂಧ ಎಂಬುದು ಸಭೆಗೆ ಆಗಲೇ ಹೊಳೆದಿರುತ್ತದೆ. ಹೊಳೆದದ್ದನ್ನು ಬಿಡಿಸಿ ಹೇಳಿದರೆ ಪಾಠವಾಗುತ್ತದೆ, ಪಾಠ ಹೇಳಲು ನಾವಿದ್ದೇವಲ್ಲ. ಇನ್ನೊಂದು, 'ಮೊದಲನೇ ಹೆಸರು ನಂದೇ ಅದ' ಎಂಬ ಸಾಲು ಸೇರಿಸಿದ್ದು. ಅದನ್ನು ಹೇಳಬೇಕಾದರೆ ನಿಜವಾಗಿಯೂ ಹೆಸರು ಬರೆದಿರಬೇಕು ಎಂದೆ. ಅವಳಿಗೆ ಒಂದು ದಿನ ಹಿಡಿಯಿತು.

ಯಾವ ಕನ್ನಡ

ಮೊದಲ ಕರಡು ಪುಸ್ತಕದ ಕನ್ನಡದಲ್ಲಿತ್ತು. 'ಪ್ರಾತಃಕಾಲದಲ್ಲಿ ನಾನು ವೀಕ್ಷಿಸಿದಂತೆ' ಎಂದೆಲ್ಲ. ನಮ್ಮ ಹುಡುಗರು ವೇದಿಕೆ ಹತ್ತಿದ ಕೂಡಲೇ ಬೆಂಗಳೂರಿನ ಟಿವಿಯವರ ದನಿ ತೆಗೆಯುತ್ತಾರೆ. ಅದು ಎರಡು ವಾಕ್ಯದವರೆಗೆ ನಡೆಯುತ್ತದೆ. ಮೂರನೆಯದರಲ್ಲಿ ತೊಡರುತ್ತದೆ, ಏಕೆಂದರೆ ಗಾಬರಿಯಲ್ಲಿ ನಾಲಿಗೆ ತನ್ನ ಮನೆಯ ಮಾತಿಗೆ ಹೊರಳುತ್ತದೆ, ಕೈಯಲ್ಲಿರುವ ಹಾಳೆ ಬೇರೆ ಹೇಳುತ್ತಿರುತ್ತದೆ.

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಹಿಂದೆ ಬೇರೊಂದು ಕಾಲೇಜಿನಲ್ಲಿದ್ದಾಗ ಒಬ್ಬ ಹುಡುಗನಿಗೆ ನಾನೇ ಏಳು ನಿಮಿಷದ ಭಾಷಣ ಬರೆದುಕೊಟ್ಟೆ. ಸಂಸ್ಕೃತ ಸುಭಾಷಿತದಿಂದ ಶುರು, ಒಂದೊಂದು ವಾಕ್ಯ ಮೂರು ಸಾಲು. ಪಾಪ, ಬಾಯಿಪಾಠ ಮಾಡಿದ. ವೇದಿಕೆಯಲ್ಲಿ ನಾಲ್ಕನೆಯ ವಾಕ್ಯದ ನಡುವೆ ನಿಂತುಬಿಟ್ಟ. ಹಿಂದಿನಿಂದ ಸೀಟಿ ಬಿತ್ತು. 'ಕ್ಷಮಿಸಿ' ಎಂದು ಇಳಿದು ಹೋದವನು ಮತ್ತೆ ಕಾಲೇಜಿನ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ. ಅವನು ಮರೆತದ್ದು ನನ್ನ ವಾಕ್ಯವನ್ನು. ಅವನದೇ ವಾಕ್ಯವಾಗಿದ್ದರೆ ಮರೆತರೂ ಬೇರೆ ಮಾತಿನಲ್ಲಿ ಮುಂದಕ್ಕೆ ಹೋಗುತ್ತಿದ್ದ.

ಅಂದಮೇಲೆ ಮನೆಯಲ್ಲಿ ಹಿರಿಯರ ಹತ್ತಿರ ಆಡುವ ಕನ್ನಡದಲ್ಲಿ ಬರೆಯಿರಿ. ಗೆಳೆಯರ ಹತ್ತಿರ ಆಡುವುದಲ್ಲ, ಹಿರಿಯರ ಹತ್ತಿರ ಆಡುವುದು. ಅದರಲ್ಲಿ 'ರಿ' ಇರುತ್ತದೆ, ಮರ್ಯಾದೆ ಇರುತ್ತದೆ, ಮಾತೂ ನಿಮ್ಮದೇ ಆಗಿರುತ್ತದೆ. ಬೇರೆ ಕಡೆಯಿಂದ ಬಂದ ಅತಿಥಿಗಳಿಗೂ ಅರ್ಥವಾಗುತ್ತದೆ, ಚಿಂತೆ ಬೇಡ. ಆದರೆ ನಗಿಸಲೆಂದು ಹಳ್ಳಿ ಮಾತನ್ನು ಎಳೆದೆಳೆದು ಆಡುವ ಒಂದು ಚಟ ಇದೆ, ಹಾಸ್ಯ ಸಂಜೆಗಳಿಂದ ಬಂದದ್ದು. ಅದು ಬೇಡ. ಪರೀಕ್ಷೆ ಸುಲಭ: ಹಾಸ್ಟೆಲಿನಲ್ಲಿ ಇಬ್ಬರ ಮುಂದೆ ಓದಿ. ನೀವು ನಗು ಬಯಸದ ಕಡೆ ಅವರು ನಕ್ಕರೆ ಅಲ್ಲಿ ಏನೋ ಹೆಚ್ಚಾಗಿದೆ.

ಹೆಸರುಗಳ ಕಗ್ಗಂಟು

ವೇದಿಕೆ ಮೇಲಿನ ಒಂಬತ್ತು ಜನರ ಹೆಸರು ಹೇಳದಿದ್ದರೆ ಯಾರಾದರೂ ಸಿಟ್ಟಾದರೆ? ಆಗುತ್ತಾರೆ. ನಾನೂ ಒಮ್ಮೆ ಆಗಿದ್ದೇನೆ. ಆದರೆ ಆ ಹೆಸರುಗಳನ್ನು ನಿರೂಪಕರು ಕರೆಯುವಾಗ ಒಂದು ಸಲ, ಸ್ವಾಗತ ಮಾಡಿದವರು ಒಂದು ಸಲ ಹೇಳಿಯಾಗಿದೆ. ಮೂರನೆಯ ಸಲ ಹೇಳಹೊರಟು ಒಂದು ಹೆಸರು ಬಿಟ್ಟುಹೋದರೆ ಆ ಸಿಟ್ಟು ಇನ್ನೂ ದೊಡ್ಡದು. ಆದ್ದರಿಂದ ಎಲ್ಲರನ್ನೂ ಒಂದೇ ಸಾಲಿನಲ್ಲಿ ಸೇರಿಸಿ, ಆ ಸಾಲನ್ನು ಎರಡು ದಿನ ಮೊದಲೇ ಪ್ರಾಚಾರ್ಯರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ನಮ್ಮ ಪ್ರಾಚಾರ್ಯರು ಹಾಳೆ ನೋಡಿ, "ನನ್ನ ಹೆಸರೂ ಇಲ್ಲಲ್ಲವ್ವಾ" ಎಂದರು. ಆಮೇಲೆ ಎಷ್ಟು ನಿಮಿಷ ಉಳಿಯುತ್ತದೆ ಎಂದು ಕೇಳಿ, ಹೂಂ ಎಂದರು.

ಕೈಯಲ್ಲಿ ಏನಿರಬೇಕು

ಮೊಬೈಲ್ ಬೇಡ. ಬಿಸಿಲಿಗೆ ಪರದೆ ಕಾಣುವುದಿಲ್ಲ, ನಡುವೆ ಆರಿಹೋಗುತ್ತದೆ, ಆ ಹೊತ್ತಿಗೇ ಮನೆಯಿಂದ ಫೋನ್ ಬರುತ್ತದೆ. ದೊಡ್ಡ ಹಾಳೆಯೂ ಬೇಡ, ಕೈ ನಡುಗಿದರೆ ಅದು ಹತ್ತು ಪಟ್ಟು ನಡುಗಿ ತೋರಿಸುತ್ತದೆ. ಲಗ್ನಪತ್ರಿಕೆಯಂಥ ದಪ್ಪ ಕಾಗದವನ್ನು ಅಂಗೈ ಅಳತೆಗೆ ಕತ್ತರಿಸಿ ಮೂರು ಚೀಟಿ ಮಾಡಿ, ಮೂಲೆಗೆ 1, 2, 3 ಎಂದು ಹಾಕಿ. ಒಂದು ಉಸಿರಿನಲ್ಲಿ ಹೇಳುವಷ್ಟನ್ನು ಒಂದು ಸಾಲಿನಲ್ಲಿ ಬರೆಯಿರಿ, ಉಸಿರು ಮುಗಿದಲ್ಲಿ ಸಾಲು ಮುರಿಯಿರಿ. ಬಾಯಿಪಾಠ ಇರಬೇಕಾದದ್ದು ಎರಡು ಮಾತ್ರ, ಶರಣು ಎಂದ ನಂತರದ ಮೊದಲ ವಾಕ್ಯ ಮತ್ತು ಮೇಜಿನ ಜಾಗ ಹೇಳುವ ಕೊನೆಯ ಭಾಗ. ಆ ಎರಡನ್ನು ಜನರನ್ನು ನೋಡಿಯೇ ಹೇಳಬೇಕು.

ಭಾಷಣದಲ್ಲಿ ಒಂದು ಕಡೆ ಚೌಕ ಕಂಸ ಕಂಡಿರಿ. ಅದು ಹೊತ್ತು ಸಾಲದಿದ್ದರೆ ಬಿಡುವ ಭಾಗ. ಇದನ್ನು ಮೊದಲೇ ಗುರುತು ಹಾಕಿಕೊಳ್ಳದವರು ಗಡಿಬಿಡಿಯಲ್ಲಿ ಕೊನೆಯನ್ನು ಬಿಡುತ್ತಾರೆ, ಕೇಳಬೇಕಾದದ್ದನ್ನೇ ಕೇಳದೆ ಇಳಿಯುತ್ತಾರೆ. ನಡುವಿನದನ್ನು ಬಿಡಿ. ಇನ್ನೂ ಕಡಿಮೆ ಹೊತ್ತು ಸಿಕ್ಕರೆ ಎರಡನೆಯ ಚೀಟಿಯನ್ನೇ ಪೂರ್ತಿ ಬಿಟ್ಟು ಒಂದರಿಂದ ಮೂರಕ್ಕೆ ಹಾರಿದರೂ ಮಾತು ಕೂಡಿಕೊಳ್ಳುವಂತಿರಬೇಕು. ಹಾಗೆ ಹಾರಿಸಿಯೂ ಒಂದು ಸಲ ಓದಿ ನೋಡಿ. ಅವಳ ಭಾಷಣ ಹಾಗೆ ಓದಿದಾಗ ಒಂದೂವರೆ ನಿಮಿಷ ಆಗಿತ್ತು.

ಮೈಕ್

ಹಿಂದಿನ ದಿನ ಸಂಜೆಯೇ ಮೈಕ್ ಸೆಟ್ಟಿನ ಅಣ್ಣನ ಪರಿಚಯ ಮಾಡಿಕೊಳ್ಳಿ. ಅವನಿಗೊಂದು ಚಹಾ ಕುಡಿಸಿದರೆ ಅರ್ಧ ಕೆಲಸ ಆದಂತೆ. ಬಾಕ್ಸುಗಳು ಎಲ್ಲಿ ನಿಂತಿವೆ ನೋಡಿಕೊಳ್ಳಿ. ಮೈಕ್ ಹಿಡಿದು ಬಾಕ್ಸಿನ ಮುಂದೆ ಹೋದರೆ ಅದರ ದನಿಯೇ ಮೈಕಿಗೆ ಮರಳಿ ಹೊಕ್ಕು 'ಕೂಂಯ್' ಎನ್ನುತ್ತದೆ. ಹಾಗಾದಾಗ ಮೈಕನ್ನು ಕೈಯಿಂದ ಮುಚ್ಚಬೇಡಿ, ಇನ್ನೂ ಹೆಚ್ಚಾಗುತ್ತದೆ. ಬಾಕ್ಸಿನ ಹಿಂದಕ್ಕೆ ಎರಡು ಹೆಜ್ಜೆ ಸರಿಯಿರಿ. ಬಾಯಿಗೂ ಮೈಕಿಗೂ ನಾಲ್ಕು ಬೆರಳು ಅಂತರ ಇರಲಿ, ಮೈಕ್ ತುಸು ಓರೆಗಿರಲಿ. ನೇರಕ್ಕೆ ಹಿಡಿದರೆ 'ಪ', 'ಭ' ಬಂದಾಗೆಲ್ಲ ಗಾಳಿ ಹೊಡೆದು ಢಬ್ ಎನ್ನುತ್ತದೆ. ನಮ್ಮ ಹುಡುಗಿಯ ಭಾಷಣದಲ್ಲಿ 'ಭದ್ ಅಂತು' ಎಂಬಲ್ಲಿ ಮಾತ್ರ ಬೇಕಂತಲೇ ನೇರಕ್ಕೆ ಹಿಡಿದಳು, ಅದು ಅವಳದೇ ಐಡಿಯಾ.

ತಗಡಿನ ಸೂರಿರುವ ಸಭಾಂಗಣವಾದರೆ ದನಿ ಮರುಕಳಿಸುತ್ತದೆ. ಅಲ್ಲಿ ವಾಕ್ಯ ಮುಗಿದ ಮೇಲೆ ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸಿ ಮುಂದಿನ ವಾಕ್ಯ ಹಿಡಿಯಿರಿ.

ಆ ದಿನ ಆದದ್ದು

ಹತ್ತು ಗಂಟೆಯ ಕಾರ್ಯಕ್ರಮ ಹನ್ನೊಂದು ನಲವತ್ತಕ್ಕೆ ಶುರುವಾಯಿತು. ಮುಖ್ಯ ಅತಿಥಿಗಳು ದಾರಿಯಲ್ಲೇ ಇದ್ದರು, ಎರಡು ಗಂಟೆ ಹೊತ್ತಿನಿಂದ. ನಮ್ಮಲ್ಲಿ ಇದು ಮಳೆ ಬಿಸಿಲಿನ ಹಾಗೆ, ಬರುತ್ತದೆ ಎಂದುಕೊಂಡೇ ಇರಬೇಕು. ಆದರೆ ಎಂಟಕ್ಕೆ ಕಾಸಿದ ಹಲಗಿ ಅಷ್ಟು ಹೊತ್ತು ನೆರಳಲ್ಲಿತ್ತು, ಬಿಗಿ ಸಡಿಲಿತ್ತು. ಅವಳು ಸ್ವಾಗತ ನಡೆಯುತ್ತಿರುವಾಗಲೇ ವೇದಿಕೆ ಇಳಿದು ಹೋಗಿ ಇನ್ನೊಮ್ಮೆ ಕಾಸಿಸಿದಳು. ಕಾಸುವುದನ್ನು ಶಾಮಿಯಾನದಿಂದ ದೂರ, ಬಯಲಿನಲ್ಲಿ, ಪಕ್ಕದಲ್ಲಿ ಎರಡು ಬಕೆಟ್ ನೀರಿಟ್ಟುಕೊಂಡೇ ಮಾಡಬೇಕು. ಬಟ್ಟೆಯ ಪೆಂಡಾಲಿಗೆ ಕಿಡಿ ಸಾಕು.

ಅವಳ ಸರದಿ ಬಂದಾಗ ಪ್ರಾಚಾರ್ಯರು ಮೆಲ್ಲಗೆ "ಎರಡೇ ನಿಮಿಷದಾಗ ಮುಗಸವ್ವಾ" ಎಂದರು. ಅವಳು ಹಲಗಿಗೆ ಎರಡು ಏಟು ಹಾಕಿ ಮೈಕ್ ಹಿಡಿದಳು. ಹಿಂದಿನಿಂದ ಯಾರೋ "ಡ್ಯಾನ್ಸ್ ಶುರು ಮಾಡ್ರೀ" ಎಂದು ಕೂಗಿದ. ಇಂಥಲ್ಲಿ ಕೂಗಿದವನಿಗೆ ಉತ್ತರ ಕೊಡಲು ಹೋದರೆ ಸಭೆ ಅವನ ಕಡೆ ಹೋಗುತ್ತದೆ. ದನಿ ಏರಿಸಿದರೆ ಇನ್ನೂ ನಾಲ್ವರು ಕೂಗುತ್ತಾರೆ. ಅವಳು ಮಾತು ನಿಲ್ಲಿಸಿ, ಮತ್ತೆ ಹಲಗಿಯ ಹತ್ತಿರ ಹೋಗಿ ಇನ್ನೊಂದು ಏಟು ಹಾಕಿ, ದನಿ ಆರುವ ತನಕ ಕಾದು, "ಈಗ ಕೇಳಿದ್ರಲ್ಲ" ಎಂದಳು. ಅಲ್ಲಿಗೆ ಗದ್ದಲ ತಣ್ಣಗಾಯಿತು. ಕಂಸದ ಭಾಗ ಬಿಟ್ಟಳು ಎಂದು ನಾನು ಅಂದುಕೊಂಡೆ, ಆದರೆ ಸರ್ ದನಿ ತೆಗೆಯುವ ಸಾಲು ಮಾತ್ರ ಬಿಡಲಿಲ್ಲ. ಜನ ನನ್ನ ಕಡೆ ತಿರುಗಿ ನಕ್ಕರು.

ಭಾಷಣ ಮುಗಿದ ಮೇಲೆ ವೇದಿಕೆಯ ಕುರ್ಚಿಗೆ ಮರಳಬಾರದು. ಮೇಜಿನ ಹತ್ತಿರ ಬನ್ನಿ ಎಂದು ಕರೆದವರು ಅಲ್ಲಿ ಇರಬೇಕು. ಪ್ರಾಚಾರ್ಯರಿಗೆ ಮೊದಲೇ ತಿಳಿಸಿದ್ದರಿಂದ ಅವಳು ನೇರ ಇಳಿದು ಬೇವಿನ ಗಿಡದ ಕಡೆ ನಡೆದಳು. ಮೊದಲ ಹತ್ತು ನಿಮಿಷ ಯಾರೂ ಬರಲಿಲ್ಲ. ಅವಳು ಹಾಳೆಯ ಮೊದಲ ಸಾಲಿನ ತನ್ನ ಹೆಸರನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಬುರ್ಖಾ ತೊಟ್ಟ ಇಬ್ಬರು ಹುಡುಗಿಯರು ಬಂದು, ಒಬ್ಬಳ ಹೆಸರನ್ನು ಇನ್ನೊಬ್ಬಳು ಬರೆಸಿದಳು. ಅವರ ಹಿಂದೆ ಸೇಡಂ ಕಡೆಯ ಕಾಲೇಜಿನಿಂದ ತಂಡದ ಜೊತೆ ಬಂದಿದ್ದ ಒಬ್ಬ ಹುಡುಗ, ಹೊರಗಿನವರಿಗೂ ನಡೆಯುತ್ತದಾ ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ನಾವು ಮೊದಲೇ ಯೋಚಿಸಿರಲಿಲ್ಲ. ನೀವು ಯೋಚಿಸಿಟ್ಟುಕೊಳ್ಳಿ. ಮೇಜಿನ ಮೇಲೆ ಎರಡು ಪೆನ್ನನ್ನೂ ಇಡಿ. ನಾವು ಇಟ್ಟದ್ದು ಒಂದೇ, ಆರನೆಯ ಹೆಸರಿಗೆ ಅದರ ರೀಫಿಲ್ ಮುಗಿಯಿತು. ಉಳಿದ ಹೆಸರುಗಳನ್ನು ರಂಗೋಲಿ ತಂಡದವರಿಂದ ತಂದ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದೆವು.